ಮರದ ಪಾತಿಗೆ ಹುಲ್ಲೋ, ತರಗೆಲೆಯೋ, ಕಪ್ಪು ಶೀಟೋ?

ಒಂದು ಮೀಟರ್ ತ್ರಿಜ್ಯದ ಪಾತಿಗಳಿಗೆ ಬೇಸಿಗೆಯಲ್ಲಿ ಮೂರು ಬಗೆಯ ಹೊದಿಕೆ ಹಾಕಿ ನೋಡಿದರೆ, ನೀರು ಉಳಿಸುವುದರಲ್ಲಿ ಕಪ್ಪು ಶೀಟೇ ಮುಂದು. ಆವಿ ಹೊರಹೋಗಲು ದಾರಿಯೇ ಇಲ್ಲದ್ದರಿಂದ ಶೀಟಿನಡಿಯ ಮಣ್ಣು ಹಲವು ದಿನ ಹದವಾಗಿರುತ್ತದೆ. ಆದರೆ ಶೀಟು ಮಣ್ಣಿಗೆ ಅಂಟಿಕೊಂಡು ಕೂತಲ್ಲಿ ಬಿಸಿಲಿನ ಕಾವು ನೇರವಾಗಿ ಕೆಳಗಿಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಐದು ಸೆಂ.ಮೀ. ಆಳದಲ್ಲಿ ಥರ್ಮಾಮೀಟರ್ ಇಟ್ಟರೆ, ಅಲ್ಲಿ ಬರಿಯ ಮಣ್ಣಿಗಿಂತಲೂ ಹೆಚ್ಚು ಬಿಸಿ ಕಾಣಬಹುದು. ಹೀರುಬೇರುಗಳು ಇರುವುದು ಮೇಲ್ಪದರದಲ್ಲೇ ಆದ್ದರಿಂದ ಎಳೆಯ ಗಿಡಕ್ಕೆ ಇದು ಕಷ್ಟ. ಶೀಟನ್ನೇ ಬಳಸುವುದಾದರೆ ಹನಿ ನೀರಾವರಿಯ ಪೈಪನ್ನು ಅದರಡಿಗೆ ಹಾಕಿ, ಮೇಲೆ ಐದು ಸೆಂ.ಮೀ. ಹುಲ್ಲು ಹರಡಬೇಕು. ಬೆಳ್ಳಿ ಬಣ್ಣದ ಮುಖ ಮೇಲಿರುವ ಶೀಟಾದರೆ ಅಷ್ಟು ಕಾಯುವುದಿಲ್ಲ.

ಒಣ ಹುಲ್ಲು ನೀರನ್ನು ಶೀಟಿನಷ್ಟು ಬಿಗಿಯಾಗಿ ಹಿಡಿಯದು, ಆದರೆ ಮಣ್ಣನ್ನು ತಂಪಾಗಿಡುವುದರಲ್ಲಿ ಅದೇ ಗೆಲ್ಲುತ್ತದೆ. ಎಳೆಗಳ ನಡುವೆ ನಿಂತ ಗಾಳಿ ಕಾವನ್ನು ತಡೆಯುತ್ತದೆ. ಹುಲ್ಲು ಬೇಗ ಕುಸಿಯುವುದರಿಂದ ದಪ್ಪದ ಲೆಕ್ಕವನ್ನು ಹಾಕುವಾಗಲ್ಲ, ಕುಸಿದ ಮೇಲೆ ಮಾಡಬೇಕು. ಎಂಟು ಸೆಂ.ಮೀ. ಉಳಿಯಬೇಕೆಂದರೆ ಮೊದಲು ಹದಿನೈದು ಹಾಕಬೇಕು. ಕಾಂಡದ ಸುತ್ತ 20 ಸೆಂ.ಮೀ. ಬಿಟ್ಟರೆ ಪಾತಿಯಲ್ಲಿ ಸುಮಾರು ಮೂರು ಚದರ ಮೀಟರ್ ಉಳಿಯುತ್ತದೆ. ಅದಕ್ಕೆ ಬೇಕಾದ ಸಡಿಲ ಹುಲ್ಲು 450 ಲೀಟರ್, ಅಂದರೆ 15 ಲೀಟರಿನ ಬುಟ್ಟಿಯಲ್ಲಿ ಮೂವತ್ತು ಬುಟ್ಟಿ. ನಾಲ್ಕು ಬುಟ್ಟಿ ಚೆಲ್ಲಿ ಹೊದಿಕೆ ಆಯಿತು ಅನ್ನುವವರೇ ಹೆಚ್ಚು; ಅಷ್ಟಕ್ಕೆ ಕಳೆಯೂ ನಿಲ್ಲುವುದಿಲ್ಲ.

ಹಾಗೆಂದು ಒಂದಡಿ ಪೇರಿಸಿದರೂ ನಷ್ಟವೇ. ಐದು ಮಿ.ಮೀ. ಮಳೆ ಈ ಜಾಗಕ್ಕೆ ಕೊಡುವುದು ಬರೀ 15 ಲೀಟರ್ ನೀರು. ಒಣ ಹುಲ್ಲು ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರುತ್ತದೆ, ಹಾಗಾಗಿ ಆ ಮಳೆ ಹೊದಿಕೆಯಲ್ಲೇ ಮುಗಿದು ಮರುದಿನದ ಬಿಸಿಲಿಗೆ ಆರಿಹೋಗುತ್ತದೆ. ಮೇಲಿಂದ ನೀರು ಬಿಡುವವರಿಗೂ ಇದೇ ಗತಿ. ಮೊದಲು ನೀರು ಕೊಟ್ಟು, ಮಣ್ಣು ನೆನೆದ ಮೇಲೆ ಹುಲ್ಲು ಹಾಕುವುದೇ ಸರಿ.

ತರಗೆಲೆ ಇವೆರಡರ ನಡುವಿನದು. ಅಗಲ ಎಲೆಗಳು ಒದ್ದೆಯಾದಾಗ ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತವೆ, ನೀರು ಅಂಚಿಗೆ ಜಾರಿಹೋಗುತ್ತದೆ. ಎಲೆಯನ್ನು ಚೂರು ಮಾಡಿ ಹಾಕಿ, ಆಗಾಗ ಕೆದಕಿದರೆ ಎಂಟು ಸೆಂ.ಮೀ. ಸಾಕು.

ಒಣ ವಸ್ತುವನ್ನು ಮಣ್ಣಿಗೆ ಬೆರೆಸಬೇಡಿ. ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಂಡು ಗಿಡದ ಹಳೆ ಎಲೆ ಹಳದಿಯಾಗುತ್ತದೆ. ಮೇಲೆಯೇ ಇದ್ದರೆ ಆ ಕಾಟ ತೀರಾ ಕಡಿಮೆ. ಬುಡಕ್ಕೆ ತಾಗಿಸಿದರೆ ತೊಗಟೆ ಸದಾ ಒದ್ದೆಯಿದ್ದು ಕೊಳೆಯಬಹುದು, ಗೆದ್ದಲೂ ಹತ್ತಬಹುದು. ತೊಗಟೆ ಕಪ್ಪಾಗಿ, ಒತ್ತಿದರೆ ಮೆತ್ತಗಾಗಿದ್ದರೆ ಹೊದಿಕೆಯನ್ನು ಅಂದೇ ಹಿಂದೆ ಸರಿಸಿ. ನೀರು ನಿಲ್ಲುವ ಜಾಗದಲ್ಲಂತೂ ಮಳೆ ಜೋರಾದ ಕೂಡಲೇ ಹುಲ್ಲನ್ನು ಪಾತಿಯಂಚಿಗೆ ಎಳೆದು, ಮಣ್ಣು ಆರಿದ ಮೇಲೆ ಮತ್ತೆ ಹರಡಬೇಕು.