ಕಿವಿ ನೋವಿಗೆ ಎಣ್ಣೆ ಬಿಡುವ ಮೊದಲು ಇದನ್ನೊಮ್ಮೆ ಓದಿ

ಹೋದ ತಿಂಗಳು ಒಂದು ವಾರ ನಾನು ಪಟ್ಟ ಪಾಡು ಇನ್ಯಾರಿಗೂ ಬೇಡ. ಕಿವಿ ಕಡಿದರೆ ಕೈಗೆ ಸಿಕ್ಕಿದ್ದನ್ನು ಹಾಕಿ ಕೆರೆದುಕೊಳ್ಳುವ ಅಭ್ಯಾಸ ಇರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಂಡ್ಯ. ಒಂದು ಭಾನುವಾರ ಬಲಗಿವಿ ಕಡಿಯುತ್ತಿತ್ತು ಅಂತ ಸ್ಕೂಟರ್ ಕೀ ಹಾಕಿ ಕೆರೆದುಕೊಂಡೆ. ಹಾಯ್ ಅನಿಸಿತು, ಮರೆತುಬಿಟ್ಟೆ. ಮಂಗಳವಾರ ಸಂಜೆ ಕೋಡುಬಳೆ ಕಚ್ಚಿದೆ ನೋಡಿ, ಕಿವಿಯೊಳಗೆ ಸೂಜಿ ನಾಟಿದ ಹಾಗಾಯಿತು. ಹಲ್ಲು ನೋವೇ ಇರಬೇಕು ಅಂತ ಲವಂಗ ಇಟ್ಟುಕೊಂಡೆ. ಬುಧವಾರ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ. ಚಪಾತಿ ಅಗಿಯುವುದಂತೂ ದೂರದ ಮಾತು. ಮುದ್ದೆ ಅಗಿಯುವ ಹಾಗಿಲ್ಲವಲ್ಲ, ಬಸ್ಸಾರಿನಲ್ಲಿ ಅದ್ದಿ ಸಣ್ಣ ಸಣ್ಣ ತುತ್ತು ನುಂಗಿಯೇ ಎರಡು ದಿನ ಕಳೆದೆ.

ಕೆಟ್ಟದ್ದು ಆಮೇಲೆ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಒಳ್ಳೆಯದಾಗಲಿ ಅಂತಲೇ ಬಿಟ್ಟಿದ್ದು, ಅವರ ತಪ್ಪಲ್ಲ. ನೋವು ಇಳಿಯಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕಿವಿ ನೋವು ಅಂದೆ, ಡ್ರಾಪ್ಸ್ ಕೊಟ್ಟರು. ಅದು ಗುಗ್ಗೆ ಕರಗಿಸುವ ಡ್ರಾಪ್ಸ್ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಒಳಗೆ ಎಣ್ಣೆ ಜಿಡ್ಡು ನಿಂತಿದೆ ಅಂತ ಹೇರ್‌ಪಿನ್ನಿಗೆ ಹತ್ತಿ ಸುತ್ತಿ ಒರೆಸಿದೆ. ಶುಕ್ರವಾರ ರಾತ್ರಿಗೆ ಕಿವಿ ಪೂರ್ತಿ ಮುಚ್ಚಿಕೊಂಡಿತು. ಕರೆದರೆ ಸರಿಯಾಗಿ ಕೇಳುತ್ತಿರಲಿಲ್ಲ. ಎದೆ ಬಡಿತಕ್ಕೆ ಸರಿಯಾಗಿ ಕಿವಿ ಜುಮುಗುಟ್ಟುತ್ತಿತ್ತು, ಕಿವಿಯ ಹಿಂದೆಯೂ ಊದಿತ್ತು.

ಶನಿವಾರ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಅವರು ಒಳಗೆ ನೋಡುವ ಮೊದಲೇ ಕಿವಿ ತೂತಿನ ಮುಂದೆ ಇರುವ ಸಣ್ಣ ಮೆತ್ತನೆ ಮೂಳೆಯನ್ನು ಬೆರಳಿನಿಂದ ಒತ್ತಿದರು. ಅಮ್ಮಾ ಅಂತ ಕೂಗಿಬಿಟ್ಟೆ. ಕಿವಿಯನ್ನು ಮೆಲ್ಲಗೆ ಎಳೆದಾಗಲೂ ಅದೇ ಗತಿ. "ನೋಡಿಮ್ಮ, ಮುಟ್ಟಿದರೆ, ಎಳೆದರೆ ಇಷ್ಟು ನೋವು ಅಂದರೆ ತೊಂದರೆ ಕಿವಿಯ ಹೊರಗಿನ ದಾರಿಯಲ್ಲಿದೆ. ಕಿವಿ ತಮಟೆಯ ಹಿಂದೆ ಆಗುವ ಸೋಂಕಿನಲ್ಲಿ ಸಾಮಾನ್ಯವಾಗಿ ಹೀಗೆ ಮುಟ್ಟಿದರೆ ನೋಯಲ್ಲ" ಅಂದರು. ಆಮೇಲೆ ಲೈಟ್ ಹಾಕಿ ನೋಡಿ, ಕುರು ಆಗಿದೆ ಅಂದರು. ಕಿವಿ ಹಿಂದಿನ ಊತ ಆ ಸೋಂಕಿಗೆ ಗಂಟು ಕಟ್ಟಿದ್ದಂತೆ.

ಇಷ್ಟು ಚಿಕ್ಕ ಕುರುಗೆ ಅಷ್ಟು ನೋವು ಯಾಕೆ ಅಂತ ಕೇಳಿದೆ. ಕಿವಿ ದಾರಿಯ ಹೊರಭಾಗದಲ್ಲಿ ಮಾತ್ರ ಕೂದಲು ಇರುತ್ತದೆ. ಕೆರೆದಾಗ ಚರ್ಮ ತರಚಿ, ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಇಳಿದು ಕೀವು ಕಟ್ಟುತ್ತದೆ. ಕೈಯ ಮೇಲೆ ಕುರು ಎದ್ದರೆ ಚರ್ಮ ಹಿಗ್ಗಲು ಜಾಗ ಇರುತ್ತದೆ. ಇಲ್ಲಿ ಚರ್ಮ ಕೆಳಗಿನ ಮೆದು ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಊದಿದರೆ ಎಲ್ಲಾ ಒತ್ತಡ ನರಕ್ಕೇ. ಇನ್ನು ಅಗಿಯುವಾಗ ನೋವು ಯಾಕೆ ಅಂದರೆ, ದವಡೆಯ ಕೀಲು ಇರುವುದು ಕಿವಿ ದಾರಿಯ ಮುಂದೆಯೇ. ಕಿವಿ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಅಲುಗುವುದು ತಿಳಿಯುತ್ತದೆ. ಪ್ರತಿ ಅಗಿತಕ್ಕೂ ದಾರಿಯ ಗೋಡೆ ಜಗ್ಗುತ್ತದೆ, ಅದರ ಜೊತೆ ಕುರುವೂ ಜಗ್ಗುತ್ತದೆ.

ಡ್ರಾಪ್ಸ್ ಕೆಲಸ ಮಾಡದಿದ್ದದ್ದೂ ಇದಕ್ಕೇ. ಕೀವು ಇರುವುದು ಚರ್ಮದ ಒಳಗೆ, ಹನಿ ಮೇಲಷ್ಟೇ ಹರಿಯುತ್ತದೆ. ಅವರು ಸಣ್ಣ ಗಾಜ್ ಬಟ್ಟೆಯ ಎಳೆಯನ್ನು ಇಕ್ತಮಾಲ್ ಗ್ಲಿಸರಿನ್‌ನಲ್ಲಿ ನೆನೆಸಿ ಕಿವಿಯೊಳಗೆ ಇಟ್ಟರು. ಕಪ್ಪಗೆ, ಡಾಂಬರು ವಾಸನೆ. ಗ್ಲಿಸರಿನ್ ಊತದ ನೀರನ್ನು ಎಳೆಯುತ್ತದಂತೆ. ಐದು ದಿನಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ, ನೋವಿಗೆ ಪ್ಯಾರಾಸಿಟಮಾಲ್, ಹೊರಗಿನಿಂದ ಬೆಚ್ಚಗಿನ ಬಟ್ಟೆಯ ಶಾಖ. ಮರುದಿನ ಎಳೆ ಬದಲಾಯಿಸಿದರು. ಸೋಮವಾರ ಬೆಳಿಗ್ಗೆ ದಿಂಬಿನ ಮೇಲೆ ರಕ್ತ ಬೆರೆತ ಕೀವಿನ ಕಲೆ ಇತ್ತು. ಕುರು ತಾನೇ ಒಡೆದಿತ್ತು. ಅರ್ಧ ಗಂಟೆಯಲ್ಲಿ ನೋವು ಮುಕ್ಕಾಲು ಇಳಿಯಿತು. ಹಣ್ಣಾಗಿಯೂ ಒಡೆಯದಿದ್ದರೆ ಡಾಕ್ಟರೇ ಸಣ್ಣದಾಗಿ ಕೊಯ್ದು ಕೀವು ತೆಗೆಯುತ್ತಾರೆ. ನೀವು ಮಾತ್ರ ಹಿಸುಕಬೇಡಿ, ಸೋಂಕು ಹರಡುತ್ತದೆ.

ಮೂರು ತಿಂಗಳ ಹಿಂದೆಯೂ ಇದೇ ಕಿವಿಯಲ್ಲಿ ಚಿಕ್ಕ ಕುರು ಆಗಿತ್ತು ಅಂದೆ. ಡಾಕ್ಟರ್ ತಕ್ಷಣ ಶುಗರ್ ಟೆಸ್ಟ್ ಬರೆದರು. ಖಾಲಿ ಹೊಟ್ಟೆಯಲ್ಲಿ 142, ಇನ್ನೊಮ್ಮೆ ಮಾಡಿಸಿದಾಗಲೂ ಶುಗರ್ ಅನ್ನಲು ಇರುವ ಗಡಿ 126ಕ್ಕಿಂತ ಜಾಸ್ತಿ. ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಕಿವಿಯಿಂದ. ಕುರು ಪದೇ ಪದೇ ಆಗುತ್ತಿದ್ದರೆ ಸುಮ್ನೆ ಬಿಡಬೇಡಿ, ಶುಗರ್ ನೋಡಿಸಿ. ಶುಗರ್ ಇರುವವರಿಗೆ ರಾತ್ರಿಯೆಲ್ಲಾ ನಿದ್ದೆಗೆಡಿಸುವ ಕಿವಿ ನೋವು, ಕೀವು ಸೋರುವುದು, ಮುಖ ಒಂದು ಕಡೆ ಸೊಟ್ಟ ಆಗುವುದು ಕಂಡರೆ ಅದು ಬರೀ ಕುರು ಅಲ್ಲದೆ ಮೂಳೆಗೆ ಇಳಿದ ಸೋಂಕು ಇರಬಹುದು. ಅಂಥವರನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.