ಎಂಟು ತುದಿಯ ಚಾರ್ಜರ್, ಕಂಪನಿ ಚಾರ್ಜರ್, ಟೈಪ್-ಸಿ: ಮೂರನ್ನೂ ಬಳಸಿ ನೋಡಿದೆ

ಈಗ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪಿಗೆ ಅಂತ ಇರುವುದು 65 ವ್ಯಾಟ್‌ನ ಒಂದೇ ಪೋರ್ಟ್‌ನ ಟೈಪ್-ಸಿ ಚಾರ್ಜರ್. ಅದೇ ನನಗೆ ಇಷ್ಟ. ಅದಕ್ಕೆ ಬರುವ ಮೊದಲು ಒಂದು ತಪ್ಪು ಚಾರ್ಜರ್ ಕೊಂಡು ಮೂರು ವಾರ ಒದ್ದಾಡಿದೆ. ಆ ಒದ್ದಾಟದ ವಿಷಯವೇ ಇಲ್ಲಿ ಜಾಸ್ತಿ ಇದೆ, ಯಾಕೆಂದರೆ ಎಷ್ಟೋ ಜನ ಅದನ್ನು ಲ್ಯಾಪ್‌ಟಾಪ್ ಹಾಳಾಗಿದೆ ಅಂದುಕೊಂಡುಬಿಡುತ್ತಾರೆ.

ಹಳೇ ಚಾರ್ಜರಿನ ವೈರ್ ಪಿನ್ನಿನ ಹತ್ತಿರ ಒಳಗೇ ತುಂಡಾಗಿತ್ತು. ಅದರ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಅಂತ ಬರೆದಿತ್ತು. ಎರಡನ್ನೂ ಗುಣಿಸಿದರೆ 65 ವ್ಯಾಟ್. ವೋಲ್ಟ್ ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಅಥವಾ ಜಾಸ್ತಿ ಇರಬೇಕು. ಜಾಸ್ತಿ ಇದ್ದರೆ ತೊಂದರೆ ಇಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಇಷ್ಟು ನನಗೆ ಗೊತ್ತಿತ್ತು. ಹಾಗಾಗಿ ಎಂಟು ಬೇರೆ ಬೇರೆ ತುದಿ ಕೊಡುವ 90 ವ್ಯಾಟ್‌ನ ಚಾರ್ಜರ್ ಧೈರ್ಯವಾಗಿ ಕೊಂಡೆ. ಮೂರರಲ್ಲಿ ಅದೇ ಅಗ್ಗ. ಹೊರಗೆ 4.5 ಮಿಲಿಮೀಟರ್, ಒಳಗೆ 3.0 ಮಿಲಿಮೀಟರ್ ಇರುವ ತುದಿ ಸರಿಯಾಗಿ ಕೂತಿತು. ದೀಪ ಹತ್ತಿತು.

ಆದರೆ ಬ್ಯಾಟರಿ ಏರಲಿಲ್ಲ. ಪರದೆಯ ಮೂಲೆಯಲ್ಲಿ `Plugged in, not charging` ಅಂತ ಬರುತ್ತಿತ್ತು. ಅದಕ್ಕಿಂತ ಕಿರಿಕಿರಿ ಅಂದರೆ ಲ್ಯಾಪ್‌ಟಾಪ್ ತುಂಬಾ ನಿಧಾನವಾಯಿತು. ಬ್ರೌಸರಿನಲ್ಲಿ ಒಂದು ಪುಟ ಸರಿಸಿದರೂ ತಡೆದು ತಡೆದು ಹೋಗುತ್ತಿತ್ತು. ವೈರಸ್ ಇರಬಹುದು ಅಂತ ಹುಡುಕಿದೆ. ಫ್ಯಾನಿನ ಧೂಳು ತೆಗೆದೆ. ವಿಂಡೋಸನ್ನು ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಆಕಸ್ಮಿಕವಾಗಿ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ವೇಗ ನೋಡುತ್ತಿದ್ದೆ. ಎಷ್ಟು ಕೆಲಸ ಕೊಟ್ಟರೂ 0.8 ಗಿಗಾಹರ್ಟ್ಜ್ ಹತ್ತಿರವೇ ನಿಂತಿತ್ತು. ಅಷ್ಟರಲ್ಲಿ ಕಾಲು ತಾಗಿ ಚಾರ್ಜರ್ ಕಳಚಿಕೊಂಡಿತು. ವೇಗ ತಟ್ಟನೆ ಎರಡು ಗಿಗಾಹರ್ಟ್ಜ್ ದಾಟಿತು. ಮತ್ತೆ ಚುಚ್ಚಿದೆ, 0.8ಕ್ಕೆ ಇಳಿಯಿತು. ಬ್ಯಾಟರಿಯಲ್ಲಿ ಓಡುವಾಗ ಚುರುಕು, ಚಾರ್ಜರ್ ಹಾಕಿದರೆ ನಿಧಾನ. ನಿಮಗೂ ಹೀಗೆ ಆಗುತ್ತಿದ್ದರೆ ವಿಂಡೋಸನ್ನು ಮುಟ್ಟಲು ಹೋಗಬೇಡಿ. ಮೊದಲು ಚಾರ್ಜರನ್ನೇ ಅನುಮಾನಿಸಿ.

ಕಾರಣ ತುದಿಯ ನಡುವೆ ಇರುವ ಸೂಜಿಯಂಥ ಸಣ್ಣ ಪಿನ್. ಕರೆಂಟ್ ಬರುವುದು ಕೊಳವೆಯ ಒಳಮೈ ಮತ್ತು ಹೊರಮೈ ಮೂಲಕ. ನಡುವಿನ ಪಿನ್ ಬರೀ ಗುರುತು ಹೇಳುವುದಕ್ಕೆ. ನನ್ನ ಲ್ಯಾಪ್‌ಟಾಪಿನ ಮೂಲ ಚಾರ್ಜರಿನೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ‘ನಾನು 65 ವ್ಯಾಟ್‌ನವನು’ ಅಂತ ಅದು ಈ ಪಿನ್ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಎಂಟು ತುದಿಯ ಚಾರ್ಜರಿನಲ್ಲಿ ಪಿನ್ ಇತ್ತು, ಅದರ ಹಿಂದೆ ಚಿಪ್ ಇರಲಿಲ್ಲ. ಉತ್ತರ ಬರದಿದ್ದಾಗ ಈ ಚಾರ್ಜರ್ ಎಷ್ಟು ತಡೆದೀತು ಅಂತ ಲ್ಯಾಪ್‌ಟಾಪಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಬ್ಯಾಟರಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸಿ, ಸಿಪಿಯುವನ್ನೂ ಬಿಗಿಹಿಡಿಯುತ್ತದೆ. ಅಂದರೆ 90 ವ್ಯಾಟ್ ಇದ್ದೂ ನನಗೆ ಉಪಯೋಗವಾಗಲಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸಿಗೆ ಹೋದೆ. ನನ್ನದರಲ್ಲಿ ಆನ್ ಮಾಡುವಾಗ `F2` ಒತ್ತಬೇಕು. ಬ್ಯಾಟರಿ ಪುಟದಲ್ಲಿ ಅಡಾಪ್ಟರ್ ಎಷ್ಟು ವ್ಯಾಟಿನದು ಅಂತ ತೋರಿಸುವ ಜಾಗ ಇದೆ. ಅಲ್ಲಿ ಸಂಖ್ಯೆಯ ಬದಲು `Unknown` ಅಂತಿತ್ತು. ಮೂಲ ಚಾರ್ಜರಿನಲ್ಲೇ ಆ ಸೂಜಿ ಬಾಗಿದರೂ ಮುರಿದರೂ ಇದೇ ಲಕ್ಷಣ ಬರುತ್ತದೆ. ಹಾಗಾಗಿ ಹೊಸದು ಕೊಳ್ಳುವ ಮುಂಚೆ ಬೆಳಕಿನಲ್ಲಿ ಪಿನ್ ನೆಟ್ಟಗಿದೆಯಾ ಅಂತ ನೋಡಿ. ಸಾಫ್ಟ್‌ವೇರ್ ಹಾಕಿ ಸಿಪಿಯು ಬಿಗಿತವನ್ನು ಸಡಿಲಿಸುವ ದಾರಿಯೂ ಇದೆ. ನಾನು ಮಾಡಲಿಲ್ಲ. ಹಾಗೆ ಮಾಡಿದರೂ ಬ್ಯಾಟರಿ ಏರುವುದಿಲ್ಲ. ಚಾರ್ಜರ್ ಕಡಿಮೆ ವ್ಯಾಟಿನದಾಗಿದ್ದರೆ ಅದು ಮಿತಿ ಮೀರಿ ಕಾಯುವ ಅಪಾಯವೂ ಇದೆ.

ಟೈಪ್-ಸಿ ಚಾರ್ಜರನ್ನು ದುಂಡು ತುದಿಗೆ ಬದಲಿಸುವ ವೈರ್‌ಗಳೂ ಸಿಗುತ್ತವೆ. ಅವು ಚಾರ್ಜರಿನಿಂದ 20 ವೋಲ್ಟ್ ಕೇಳಿ ಪಡೆಯುತ್ತವೆ. 19.5 ಕೇಳುವ ಲ್ಯಾಪ್‌ಟಾಪಿಗೆ ಅದು ನಡೆಯುತ್ತದೆ. ಆದರೆ ಗುರುತಿನ ಚಿಪ್ ಆ ವೈರಿನಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಕಂಪನಿ ಚಾರ್ಜರ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸ್ನೇಹಿತರೊಬ್ಬರದ್ದು ತಂದು ಒಂದು ವಾರ ಬಳಸಿದೆ. ಚುಚ್ಚಿದ ಕೂಡಲೇ ಬಯೋಸಿನಲ್ಲಿ 65 ಅಂತ ಬಂತು, ಎಲ್ಲ ಸರಿಹೋಯಿತು. ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪ್ ಆದರೆ ಅದನ್ನೇ ಕೊಳ್ಳಿ. ನನಗೆ ದಿನಾ ಹೊತ್ತು ತಿರುಗಬೇಕು, ಜೊತೆಗೆ ಫೋನಿಗೆ ಇನ್ನೊಂದು ಚಾರ್ಜರ್ ಹೊರಬೇಕು.

ಆಮೇಲೆ ಬದಿಯ ಟೈಪ್-ಸಿ ಪೋರ್ಟ್ ನೆನಪಾಯಿತು. ಎಲ್ಲ ಟೈಪ್-ಸಿ ಪೋರ್ಟೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಕೆಲವು ಬರೀ ಡೇಟಾಕ್ಕೆ. ಮಿಂಚಿನ ಗುರುತು ನೋಡಿ ಚಾರ್ಜಿಂಗ್ ಇದೆ ಅಂದುಕೊಳ್ಳಬೇಡಿ, ಅದು ಥಂಡರ್‌ಬೋಲ್ಟ್ ಅನ್ನುವ ವೇಗದ ಡೇಟಾ ಪೋರ್ಟಿನ ಗುರುತೂ ಹೌದು. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಪೋರ್ಟಿನ ಮುಂದೆ ‘ಪವರ್ ಡೆಲಿವರಿ’ ಅಂತ ಇದೆಯಾ ನೋಡಿ. ನನ್ನದರಲ್ಲಿ ಇತ್ತು. ಇಲ್ಲಿ ಆ ಸೂಜಿಯ ಕಾಟ ಇಲ್ಲ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮೊದಲು ಮಾತಾಡಿಕೊಳ್ಳುತ್ತವೆ, ಆಮೇಲೆ ಪೂರ್ತಿ ಕರೆಂಟ್ ಹರಿಯುತ್ತದೆ.

ಮೊದಲು ಮನೆಯಲ್ಲಿದ್ದ 45 ವ್ಯಾಟ್‌ನದು ಹಾಕಿದೆ. ಬರೆಯುವ ಕೆಲಸಕ್ಕೆ ಸಾಕಾಯಿತು. ಒಂದು ಗಂಟೆ ವಿಡಿಯೊ ಎಡಿಟ್ ಮಾಡಿದಾಗ ಮಾತ್ರ ಚಾರ್ಜರ್ ಚುಚ್ಚಿಕೊಂಡೇ ಬ್ಯಾಟರಿ 80ರಿಂದ 74ಕ್ಕೆ ಇಳಿಯಿತು. ಕಡಿಮೆ ಬಿದ್ದ ವ್ಯಾಟನ್ನು ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದುಕೊಳ್ಳುತ್ತಿತ್ತು. ಆಮೇಲೆ ಎರಡು ಪೋರ್ಟ್ ಇರುವ 65 ವ್ಯಾಟ್‌ನದು ಎರವಲು ತಂದೆ. ಫೋನನ್ನೂ ಅದಕ್ಕೇ ಚುಚ್ಚಿದರೆ ಲ್ಯಾಪ್‌ಟಾಪಿಗೆ ಉಳಿಯುವುದು 45 ಮಾತ್ರ. ಚುಚ್ಚಿದ ಕ್ಷಣ ಲ್ಯಾಪ್‌ಟಾಪಿನ ಚಾರ್ಜೂ ಒಮ್ಮೆ ಕಡಿದು ಮತ್ತೆ ಶುರುವಾಗುತ್ತಿತ್ತು. ಅದಕ್ಕೇ ಒಂದೇ ಪೋರ್ಟಿನದು ಕೊಂಡೆ. ರಾತ್ರಿ ಅದೇ ಚಾರ್ಜರ್ ಫೋನಿಗೆ.

ಕೇಬಲ್ ಕೂಡ ನೋಡಿಕೊಳ್ಳಬೇಕು. 65 ವ್ಯಾಟ್ ಅಂದರೆ 20 ವೋಲ್ಟ್‌ನಲ್ಲಿ 3.25 ಆಂಪಿಯರ್. ಸಾಮಾನ್ಯ ಟೈಪ್-ಸಿ ಕೇಬಲಿನ ಮಿತಿ 3 ಆಂಪಿಯರ್, ಅಂದರೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರಿನ ಕೇಬಲ್ ಬೇಕು. 65ರ ಬದಲು 60 ಬಂದರೆ ನನಗೆ ದೊಡ್ಡ ವ್ಯತ್ಯಾಸ ಇಲ್ಲ. 100 ವ್ಯಾಟ್ ಚಾರ್ಜರ್ ಕೊಂಡು ಹಳೇ ಕೇಬಲ್ ಹಾಕಿದವರಿಗೆ 40 ವ್ಯಾಟ್ ಸುಮ್ನೆ ಹೋದಂತೆ.

ಗೇಮಿಂಗ್ ಲ್ಯಾಪ್‌ಟಾಪ್ ಇರುವವರು ನನ್ನ ದಾರಿ ಹಿಡಿಯಬೇಡಿ. ಅವುಗಳಲ್ಲಿ ಎಷ್ಟೋ 180 ವ್ಯಾಟ್, ಅದಕ್ಕಿಂತ ಜಾಸ್ತಿಯನ್ನೂ ದುಂಡು ಪಿನ್ನಿನಿಂದ ಕೇಳುತ್ತವೆ, ಟೈಪ್-ಸಿಯಲ್ಲಿ 100ರ ಹತ್ತಿರ ನಿಲ್ಲುತ್ತವೆ. ಈಗ ಟೈಪ್-ಸಿಗೆ 240 ವ್ಯಾಟ್‌ವರೆಗಿನ ನಿಯಮ ಬಂದಿದೆ, ಆದರೆ ಚಾರ್ಜರ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಅದಕ್ಕೆ ಒಪ್ಪಬೇಕು. ಗೇಮ್ ಆಡುವಾಗ ಅಂಥ ಲ್ಯಾಪ್‌ಟಾಪಿಗೆ ಕಂಪನಿ ಚಾರ್ಜರೇ ಸರಿ, ಪ್ರಯಾಣದಲ್ಲಿ ಬ್ಯಾಟರಿ ತುಂಬಿಸಲು ಟೈಪ್-ಸಿ ಸಾಕು.