ಖರ್ಚಿನ ಮೇಲ್: ಒಟ್ಟು ಮೊತ್ತವೋ, ಬಿಲ್‌ವಾರು ಲೆಕ್ಕವೋ?

ಹುಬ್ಬಳ್ಳಿ ಆಫೀಸಿನಿಂದ ಹಾವೇರಿಗೆ ಎರಡು ದಿನ ಹೋಗಿ ಬಂದಿದ್ದೆ. ಖರ್ಚು ₹2,280.

ಮೊದಲು ಕಳಿಸಿದ್ದು ಒಂದೇ ಸಾಲು: "ಒಟ್ಟು ₹2,280, ಬಿಲ್ ಲಗತ್ತಿಸಿದ್ದೇನೆ." ಒಂದು ನಿಮಿಷದ ಕೆಲಸ. ಬರೀ ಬಸ್ ಟಿಕೆಟ್ ಆಗಿದ್ದರೆ ಇಷ್ಟು ಸಾಕು. ಆದರೆ ಲಾಡ್ಜ್ ಬಾಡಿಗೆ ಮಿತಿ ಮೀರಿತ್ತು. ಅದೊಂದಕ್ಕೆ ಇಡೀ ಕ್ಲೇಮ್ ವಾಪಸ್ ಬಂತು!

ಎರಡನೇ ಸಲ ಬಿಲ್‌ವಾರು ಬರೆದೆ:

"1. ಬಸ್, ಹೋಗಿ ಬರಲು: ₹240
2. ಲಾಡ್ಜ್, ಒಂದು ರಾತ್ರಿ: ಬಿಲ್ ₹1,400. ಪ್ರವಾಸ ನಿಯಮ 4.2ರ ಮಿತಿ ₹1,200, ಅಷ್ಟನ್ನೇ ಕೇಳುತ್ತಿದ್ದೇನೆ
3. ಊಟ: ₹460
4. ಆಟೊ: ₹180. ರಸೀದಿ ಕೊಡಲಿಲ್ಲ, ಯುಪಿಐ ಸ್ಕ್ರೀನ್‌ಶಾಟ್ ಇದೆ
ಒಟ್ಟು ₹2,080"

ಲಗತ್ತಿಸಿದ ಫೈಲ್‌ಗಳಿಗೂ ಇದೇ ನಂಬರ್ ಕೊಟ್ಟೆ. ಅಕೌಂಟ್ಸ್‌ನವರಿಗೆ ಹುಡುಕಾಟ ತಪ್ಪಿತು, ಮರುಪ್ರಶ್ನೆಯೂ ಬರಲಿಲ್ಲ. ₹200 ನನ್ನ ಜೇಬಿನಿಂದ ಹೋಯಿತು, ಸರಿ. ಅದೂ ಬೇಕಿದ್ದರೆ ಮ್ಯಾನೇಜರ್ ಒಪ್ಪಿಗೆಯ ಮೇಲ್ ಮೊದಲೇ ತಗೊಂಡು ಜೊತೆಗೆ ಸೇರಿಸಬೇಕಿತ್ತು.

ಎರಡಕ್ಕೂ ಒಂದು ಮಾತು: ಬಸ್ಸಿನ ಮಷೀನ್ ಟಿಕೆಟ್ ಜೇಬಿನಲ್ಲೇ ಮಾಸಿ ಬಿಳಿ ಕಾಗದ ಆಗುತ್ತೆ. ಇಳಿದ ಕೂಡಲೇ ಫೋಟೊ ತೆಗೆಯಿರಿ.

ಮೂರಕ್ಕಿಂತ ಜಾಸ್ತಿ ಬಿಲ್ ಇದ್ದರೆ ನಾನಂತೂ ಎರಡನೆಯದೇ.